ಆಯವ್ಯಯ ಪುಸ್ತಕದಲ್ಲಿ ಒಟ್ಟು ಮೊತ್ತದ ಬದಲು ##### ಬಂದಾಗ

ನಾನು ಒಂದು ನಗರ ಸ್ಥಳೀಯ ಸಂಸ್ಥೆಯ ಲೆಕ್ಕ ಶಾಖೆಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಆಯವ್ಯಯ ಪುಸ್ತಕ ಎರಡು ಭಾಷೆಯಲ್ಲಿ ಬರುತ್ತದೆ. ಎಡಪುಟ ಕನ್ನಡ, ಬಲಪುಟ ಇಂಗ್ಲಿಷ್. ಎಡಪುಟದಲ್ಲಿ ಅಂಕಿಗಳೂ ಕನ್ನಡದಲ್ಲೇ ಇರಬೇಕು ಎಂದು ಸಭೆಯಲ್ಲಿ ತೀರ್ಮಾನವಾಗಿತ್ತು. ಮೊದಲ ವರ್ಷ ಎಕ್ಸೆಲ್ ಫೈಲನ್ನೇ ಮುದ್ರಣಕ್ಕೆ ಕೊಟ್ಟೆವು. ವಾಪಸ್ ಬಂದ ಪ್ರೂಫ್‌ನಲ್ಲಿ ಕನ್ನಡ ಅಂಕಿಗಳೆಲ್ಲ ಇಂಗ್ಲಿಷ್ ಆಗಿದ್ದವು. ಒಟ್ಟು ಮೊತ್ತದ ಸಾಲಿನಲ್ಲಿ ಬರೀ ##### ಇತ್ತು. ನನ್ನ ಪರದೆಯಲ್ಲಿ ಮಾತ್ರ ಎಲ್ಲ ಸರಿಯಾಗೇ ಇತ್ತು.

ಎರಡೂ ತಪ್ಪಿಗೆ ಮೂಲ ಒಂದೇ ಎಂದು ತಿಳಿಯಲು ಎರಡು ದಿನ ಬೇಕಾಯಿತು. ನಾವು ಬಳಸಿದ್ದು ಹೆಸರಿನ ಕೊನೆಗೆ k ಇರುವ ನುಡಿ ಫಾಂಟ್. ಅದರಲ್ಲಿ ಸಾಮಾನ್ಯ 1, 2, 3 ಒತ್ತಿದರೂ ಕಣ್ಣಿಗೆ ೧, ೨, ೩ ಕಾಣುತ್ತದೆ. ಅಂದರೆ ಸೆಲ್‌ನೊಳಗೆ ಇದ್ದದ್ದು ಇಂಗ್ಲಿಷ್ ಅಂಕಿಯೇ. ಕನ್ನಡವಾಗಿ ತೋರಿಸುತ್ತಿದ್ದದ್ದು ಫಾಂಟ್. ಮುದ್ರಣದವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಬೇರೊಂದು ಫಾಂಟ್ ಬಂದು ಕೂತಿತು, ಅಂಕಿಗಳ ನಿಜರೂಪ ಹೊರಬಂತು.

ಹಾಗಾದರೆ ##### ಯಾಕೆ ಬಂತು? ಇದು ತುಂಬ ಜನರಿಗೆ ಗೊತ್ತಿಲ್ಲದ ವಿಷಯ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಕ್ಸೆಲ್‌ನಲ್ಲಿ ಕಾಲಂ ಅಗಲ 12 ಎಂದರೆ ಅದು ಮಿಲಿಮೀಟರೂ ಅಲ್ಲ, ಪಾಯಿಂಟೂ ಅಲ್ಲ. ಆ ಫೈಲಿನ Normal ಸ್ಟೈಲ್‌ನಲ್ಲಿ ಇರುವ ಫಾಂಟಿನ 0 ಎಂಬ ಅಂಕಿ ಹನ್ನೆರಡು ಹಿಡಿಸುವಷ್ಟು ಜಾಗ ಅದು. ನಮ್ಮ ಫೈಲಿನಲ್ಲಿ Normal ಸ್ಟೈಲ್‌ಗೂ ಅದೇ ಕನ್ನಡ ಫಾಂಟ್ ಇತ್ತು. ಬದಲಿಗೆ ಬಂದ ಫಾಂಟಿನ 0 ಸಪೂರವಾಗಿತ್ತು. ಹಾಗಾಗಿ ನಾವು ಮುಟ್ಟದೆಯೇ ಎಲ್ಲ ಕಾಲಮ್ಮುಗಳೂ ಕುಗ್ಗಿದವು. ಒಟ್ಟು ಸಾಲು ಬೋಲ್ಡ್ ಆಗಿತ್ತು, ಗಾತ್ರವೂ ಒಂದು ಪಾಯಿಂಟ್ ಜಾಸ್ತಿ. ಅದಕ್ಕೆ ಮೊದಲು ಜಾಗ ಸಾಲದೆ ಹೋದದ್ದು ಆ ಸಾಲಿಗೇ. ಪದಗಳಾದರೆ ಪಕ್ಕದ ಸೆಲ್‌ಗೆ ಚಾಚಿಕೊಳ್ಳುತ್ತವೆ, ಇಲ್ಲವೇ ಕತ್ತರಿಸಿ ಹೋಗುತ್ತವೆ. ಸಂಖ್ಯೆಗೆ ಜಾಗ ಸಾಲದಿದ್ದರೆ ಎಕ್ಸೆಲ್ ##### ಎಂದೇ ತೋರಿಸುತ್ತದೆ.

ಈಗ ನಾನು ಮಾಡುವ ಕ್ರಮ ಬೇರೆ. ಅಂಕಿಗಳ ಮೂಲ ಒಂದೇ ಹಾಳೆಯಲ್ಲಿ ಇರುತ್ತದೆ, ಹೆಸರು Data. ಅಲ್ಲಿ ಎಲ್ಲವೂ ಇಂಗ್ಲಿಷ್ ಅಂಕಿ. ಕನ್ನಡ ಪುಟ, ಇಂಗ್ಲಿಷ್ ಪುಟ ಎರಡೂ ಅದನ್ನೇ `=Data!D14` ರೀತಿಯಲ್ಲಿ ಎಳೆದುಕೊಳ್ಳುತ್ತವೆ. ಮುದ್ರಣದ ಹಾಳೆಯಲ್ಲಿ ಯಾರೂ ಸಂಖ್ಯೆ ಟೈಪ್ ಮಾಡುವುದಿಲ್ಲ. ಈ ಕಟ್ಟುನಿಟ್ಟು ಬೇಕೇ ಬೇಕು. ಒಮ್ಮೆ ಒಬ್ಬರು ಯೂನಿಕೋಡ್ ಕೀಲಿಮಣೆಯಲ್ಲಿ ೪,೫೦,೦೦೦ ಎಂದು ನೇರವಾಗಿ ಹೊಡೆದಿದ್ದರು. ನಮ್ಮ ಎಕ್ಸೆಲ್ ಅದನ್ನು ಸಂಖ್ಯೆ ಎಂದು ತೆಗೆದುಕೊಳ್ಳದೆ ಪಠ್ಯ ಎಂದೇ ಇಟ್ಟುಕೊಂಡಿತ್ತು. SUM ಪಠ್ಯವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಒಟ್ಟಿನಲ್ಲಿ ನಾಲ್ಕೂವರೆ ಲಕ್ಷ ಕಡಿಮೆ. ಈಗ ಪ್ರತಿ ಕಾಲಂ ಕೆಳಗೆ, ಮುದ್ರಣಕ್ಕೆ ಹೋಗದ ಜಾಗದಲ್ಲಿ, ಈ ಪರೀಕ್ಷೆ ಇಟ್ಟಿದ್ದೇನೆ. ಉತ್ತರ 0 ಬರಬೇಕು. ಬರದಿದ್ದರೆ ಅಷ್ಟು ಸೆಲ್‌ಗಳು ಸಂಖ್ಯೆ ಅಲ್ಲ.

```
=COUNTA(D5:D140)-COUNT(D5:D140)
```

ಕನ್ನಡ ಪುಟದಲ್ಲಿ ಅಂಕಿಯ ರೂಪ ಬದಲಿಸುವುದು ನಂಬರ್ ಫಾರ್ಮ್ಯಾಟ್. ಸೆಲ್‌ನೊಳಗಿನ ಮೌಲ್ಯ ಹಾಗೇ ಇರುತ್ತದೆ, ತೋರುವುದು ಮಾತ್ರ ಕನ್ನಡ ಅಂಕಿ. ಲಕ್ಷ, ಕೋಟಿಗೆ ಅಲ್ಪವಿರಾಮವೂ ಇದರಲ್ಲೇ ಬರುತ್ತದೆ.

```
[>=10000000][$-B00044B]##\,##\,##\,##0;[>=100000][$-B00044B]##\,##\,##0;[$-B00044B]##,##0
```

B ಎಂಬುದು ಕನ್ನಡ ಅಂಕಿಗೆ, 44B ಎಂಬುದು ಕನ್ನಡ ಭಾಷೆಗೆ. 123456789 ಇದ್ದರೆ ೧೨,೩೪,೫೬,೭೮೯ ಎಂದು ಕಾಣುತ್ತದೆ. ಸುಮ್ನೆ #,##0 ಹಾಕಿದರೂ ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಲಕ್ಷದ ಅಲ್ಪವಿರಾಮ ಬರುತ್ತದೆ ನಿಜ. ಆದರೆ ಅದು ವಿಂಡೋಸ್‌ನ ರೀಜನ್ ಸೆಟ್ಟಿಂಗ್ ಭಾರತ ಎಂದಿರುವ ಕಾರಣಕ್ಕೆ. ಬೇರೆ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ 123,456,789 ಆಗಿಬಿಡುತ್ತದೆ.

ಈ ಫಾರ್ಮ್ಯಾಟ್‌ಗೆ ಒಂದು ಮಿತಿ ಇದೆ. ಋಣ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಮೂರನೇ ಭಾಗಕ್ಕೇ ಹೋಗುತ್ತದೆ. ಅಲ್ಲಿ ಮತ್ತೆ ರೀಜನ್ ಸೆಟ್ಟಿಂಗ್ ಹೇಳಿದಂತೆ ಅಲ್ಪವಿರಾಮ ಬೀಳುತ್ತದೆ. ಹನ್ನೆರಡು ಲಕ್ಷದ ಕೊರತೆ ಒಂದು ಕಂಪ್ಯೂಟರಿನಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು. ನಾನು ಮುದ್ರಣದ ಹಾಳೆಯಲ್ಲಿ ‘ಕೊರತೆ’ ಎಂದು ಬೇರೆ ಸಾಲು ಇಟ್ಟು, ಅಲ್ಲಿ `=ABS(Data!D142)` ಎಂದು ಚಿಹ್ನೆ ತೆಗೆದು ತೋರಿಸುತ್ತೇನೆ. ಸಾಲಿನ ಹೆಸರೇ ಕೊರತೆ ಎಂದಿರುವಾಗ ಚಿಹ್ನೆ ಬೇಕಿಲ್ಲ ಅಲ್ವಾ.

ಲೆಕ್ಕ ಶೀರ್ಷಿಕೆಯ ಸಂಖ್ಯೆಗಳನ್ನು ಮಾತ್ರ ಕನ್ನಡ ಅಂಕಿಗೆ ತಿರುಗಿಸಬೇಡಿ. 2202 ಸಾಮಾನ್ಯ ಶಿಕ್ಷಣ, 3054 ರಸ್ತೆ ಮತ್ತು ಸೇತುವೆ ಎಂಬಂಥ ಸಂಖ್ಯೆಗಳನ್ನು ಓದುವವರು ಬೇರೆ ಕಡತಗಳ ಜೊತೆ ತಾಳೆ ನೋಡುತ್ತಾರೆ. ಎರಡೂ ಪುಟದಲ್ಲಿ ಒಂದೇ ರೂಪ ಇದ್ದರೆ ಅವರಿಗೆ ಹುಡುಕಲು ಸುಲಭ.

ಫಾಂಟ್ ಆರಿಸುವಾಗ ನಾನು ನೋಡುವುದು ಎರಡೇ. ಅದು ಯೂನಿಕೋಡ್ ಫಾಂಟ್ ಆಗಿರಬೇಕು, ಕನ್ನಡ ಮತ್ತು ಇಂಗ್ಲಿಷ್ ಅಕ್ಷರ ಎರಡೂ ಅದರೊಳಗೇ ಇರಬೇಕು. ನಾನು ಬಳಸುವುದು Nirmala UI. ಕನ್ನಡ ಇಲ್ಲದ Calibri ಸೆಲ್‌ನಲ್ಲಿ ಕನ್ನಡ ಹೊಡೆದರೂ ಕಾಣುತ್ತದೆ, ಆದರೆ ಅದನ್ನು ತೋರಿಸುತ್ತಿರುವುದು ವಿಂಡೋಸ್ ಹಿಂದಿನಿಂದ ತಂದ ಬೇರೆ ಫಾಂಟ್. ಆಗ ನೀವು ಅಳೆದ ಅಗಲ ಒಂದು, ಮುದ್ರಣವಾಗುವುದು ಇನ್ನೊಂದು. ಮೊದಲು Home, Cell Styles, Normal ಮೇಲೆ ಬಲಕ್ಲಿಕ್, Modify ಹೋಗಿ ಫಾಂಟ್ ಬದಲಿಸಿ. ಕಾಲಂ ಅಗಲಕ್ಕೆ ಕೈ ಹಾಕುವುದು ಆಮೇಲೆ. ಈ ಕ್ರಮ ತಪ್ಪಿದರೆ ಮಾಡಿದ ಅಗಲವೆಲ್ಲ ಮತ್ತೆ ಬದಲಾಗುತ್ತದೆ.

ಅಗಲಕ್ಕೆ ನಾನು ಕಾಗದದಿಂದ ಶುರು ಮಾಡುತ್ತೇನೆ. ಎ4 ಅಡ್ಡ ಹಾಳೆ 297 ಮಿಮೀ. ಎರಡು ಕಡೆ 10 ಮಿಮೀ ಅಂಚು ಬಿಟ್ಟರೆ 277 ಉಳಿಯುತ್ತದೆ. ಲೆಕ್ಕ ಶೀರ್ಷಿಕೆ ಸಂಖ್ಯೆಗೆ 25, ವಿವರಕ್ಕೆ 112, ಹಿಂದಿನ ವರ್ಷದ ಲೆಕ್ಕ, ಆಯವ್ಯಯ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಎಂಬ ನಾಲ್ಕು ಕಾಲಂಗೆ ತಲಾ 35. Page Layout ನೋಟಕ್ಕೆ ಹೋದರೆ ಕಾಲಂ ಅಗಲವನ್ನು ಸೆಂಟಿಮೀಟರಿನಲ್ಲೇ ಕೊಡಬಹುದು.

35 ಸಾಕೋ ಇಲ್ಲವೋ ಎಂದು ನೋಡಲು ಒಂದು ಖಾಲಿ ಹಾಳೆಯಲ್ಲಿ 111111111ರಿಂದ 999999999ರವರೆಗೆ ಒಂಬತ್ತು ಸಾಲು ಹಾಕಿ, ಒಟ್ಟು ಸಾಲಿನ ಹಾಗೆಯೇ ಬೋಲ್ಡ್ ಮಾಡಿ ಮುದ್ರಿಸುತ್ತೇನೆ. ತುಂಬ ಫಾಂಟ್‌ಗಳಲ್ಲಿ ಕನ್ನಡ ಅಂಕಿಗಳೆಲ್ಲ ಒಂದೇ ಅಗಲ ಇರುವುದಿಲ್ಲ. ಬಲಕ್ಕೆ ಹೊಂದಿಸಿದ ಸಾಲುಗಳ ಎಡತುದಿ ನೋಡಿದರೆ ಯಾವ ಅಂಕಿ ಜಾಸ್ತಿ ಜಾಗ ತಿನ್ನುತ್ತದೆ ಎಂದು ತಕ್ಷಣ ತಿಳಿಯುತ್ತದೆ. ಆ ಸಾಲು ಹಿಡಿಸಿ, ಇನ್ನೂ ಎರಡು ಅಂಕಿಯಷ್ಟು ಜಾಗ ಮಿಕ್ಕಿರಬೇಕು. ಪರದೆಯಲ್ಲಿ ಹಿಡಿಸಿದ್ದು ಪ್ರಿಂಟರಿನಲ್ಲಿ ಹಿಡಿಸದೆ ಹೋಗುವುದು ಉಂಟು. ಹಾಗಾಗಿ ಪರದೆ ನೋಡಿ ತೀರ್ಮಾನ ಮಾಡುವುದಿಲ್ಲ.

ಅಗಲದಷ್ಟೇ ಎತ್ತರವೂ ಮುಖ್ಯ. ಇಂಗ್ಲಿಷ್ ಪುಟದ ಸಾಲಿನ ಎತ್ತರವನ್ನೇ ಕನ್ನಡಕ್ಕೂ ಕೊಟ್ಟರೆ ‘ರಾಷ್ಟ್ರೀಯ’ದ ಕೆಳಗಿನ ಒತ್ತು ಗೆರೆಗೆ ತಾಗಿ ಕತ್ತರಿಸಿ ಹೋಗುತ್ತದೆ. 11 ಪಾಯಿಂಟ್ ಅಕ್ಷರಕ್ಕೆ ನಾನು ಒಂದು ಸಾಲಿಗೆ 20 ಪಾಯಿಂಟ್ ಕೊಡುತ್ತೇನೆ. ಎಡ, ಬಲ ಪುಟದ ಸಾಲುಗಳು ಎದುರುಬದುರು ಬರಬೇಕಾದ್ದರಿಂದ ಇಂಗ್ಲಿಷ್ ಪುಟಕ್ಕೂ ಅಷ್ಟೇ. ಮರ್ಜ್ ಮಾಡಿದ ಸೆಲ್‌ಗಳಲ್ಲಿ ಎತ್ತರ ತಾನಾಗಿ ಹೊಂದುವುದಿಲ್ಲ, ಅವನ್ನು ಕೈಯಲ್ಲೇ ಸರಿ ಮಾಡಬೇಕು.

ಈಗ ಮುದ್ರಣಕ್ಕೆ ಎಕ್ಸೆಲ್ ಫೈಲ್ ಕೊಡುವುದಿಲ್ಲ, ನನ್ನ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಕೊಡುತ್ತೇನೆ. ಅಕ್ರೋಬ್ಯಾಟ್ ರೀಡರಿನಲ್ಲಿ Properties ತೆರೆದು Fonts ಪಟ್ಟಿಯಲ್ಲಿ ಪ್ರತಿ ಫಾಂಟಿನ ಮುಂದೆಯೂ Embedded Subset ಎಂದಿದೆಯೇ ಎಂದು ನೋಡುತ್ತೇನೆ. ಆಮೇಲೆ 100 ಪ್ರತಿಶತ ಗಾತ್ರದಲ್ಲಿ ಒಂದು ಪ್ರತಿ ತೆಗೆದು, ಒಟ್ಟು ಸಾಲುಗಳನ್ನು ಮಾತ್ರ ಪೆನ್ನು ಹಿಡಿದು ಇಂಗ್ಲಿಷ್ ಪುಟದ ಜೊತೆ ಓದಿ ನೋಡುತ್ತೇನೆ.