ಎಂಟು ಬ್ಯಾಟ್, ಇಪ್ಪತ್ತೆಂಟು ಮಕ್ಕಳು: ಕ್ಲಿಯರ್ ಕಲಿಸೋದು ಹೇಗೆ?

ನಾನು ಬ್ಯಾಡ್ಮಿಂಟನ್ ಕಲಿಸೋದು ಒಂದು ಸಮುದಾಯ ಭವನದಲ್ಲಿ. ಒಂದೇ ಕೋರ್ಟ್. ಮುಹೂರ್ತದ ದಿನಗಳಲ್ಲಿ ಅದೂ ಇಲ್ಲ. (ಪ್ರಕಾಶ್ ಪಡುಕೋಣೆಯವರು ಆಟ ಕಲಿತ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲೂ ಮದುವೆಗಳು ನಡೆಯುತ್ತಿದ್ದವು, ಹಾಗಾಗಿ ದೂರುವ ಹಾಗಿಲ್ಲ.) ಬ್ಯಾಚಿನಲ್ಲಿ ಇಪ್ಪತ್ತೆಂಟು ಮಕ್ಕಳು, ಬ್ಯಾಟ್ ಎಂಟು. ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರಿಗೆ ನಾಲ್ಕು ಕಾಕ್ ಕೊಟ್ಟು ಹೊಡೆಸಿದರೆ ಗಂಟೆಯ ಬಹುಪಾಲು ಕಾಯೋದರಲ್ಲೇ ಹೋಗುತ್ತದೆ. ಅದಕ್ಕೇ ಕ್ಲಿಯರ್‌ನ ಮುಕ್ಕಾಲು ಭಾಗವನ್ನು ಬ್ಯಾಟಿಲ್ಲದೆ ಕಲಿಸುತ್ತೇನೆ.

ಕ್ಲಿಯರ್ ಅಂದರೆ ತಲೆ ಮೇಲಿನಿಂದ ಹೊಡೆದು ಕಾಕನ್ನು ಎದುರಾಳಿಯ ಹಿಂದಿನ ಗೆರೆಗೆ ಕಳಿಸೋದು. ಅದರ ಕೈಚಲನೆ ಎಸೆತದ್ದೇ. ಮಾವಿನಕಾಯಿಗೆ ಕಲ್ಲು ಬೀಸುವ ಹಾಗೆ ಮೊದಲು ಮೊಣಕೈ ಮುಂದೆ ಬರಬೇಕು, ಅಂಗೈ ಆಮೇಲೆ. ಗರಿ ಕಿತ್ತುಹೋದ ಹಳೇ ಕಾಕ್‌ಗಳನ್ನು ನಾನು ಎಸೆಯುವುದಿಲ್ಲ, ಮಕ್ಕಳಿಂದ ಎಸೆಸುತ್ತೇನೆ. ಕಾಕ್ ತೂಕ ಐದು ಗ್ರಾಂ ಆಸುಪಾಸು. ತೋಳಿನ ಬಲ ಎಷ್ಟು ಹಾಕಿದರೂ ಕೊನೆಯಲ್ಲಿ ಕೈ ಚುರುಕಾಗಿ ತಿರುಗದಿದ್ದರೆ ಅದು ಕಾಲ ಬುಡದಲ್ಲೇ ಬೀಳುತ್ತದೆ. ತಪ್ಪು ಎಲ್ಲಿದೆ ಎಂದು ನಾನು ಹೇಳಬೇಕಾಗುವುದಿಲ್ಲ.

ಕಾಲುಗಳ ಪಾಠವೂ ಈ ಎಸೆತದ ಜೊತೆಯಲ್ಲೇ. ಕೋರ್ಟಿನ ಪಕ್ಕದ ಜಾಗದಲ್ಲಿ ಚಾಕ್‌ಪೀಸಿನಿಂದ ಒಂದು ಗುರುತು. ಅಲ್ಲಿ ಸಣ್ಣದಾಗಿ ಪುಟಿದು, ಬಲಗಾಲು ಹಿಂದಕ್ಕೆ ತೆಗೆದು ಪಕ್ಕಕ್ಕೆ ತಿರುಗಿ, ಎಡಗಾಲನ್ನು ಅದರ ಹತ್ತಿರಕ್ಕೆ ಜಾರಿಸಿ, ಮತ್ತೆ ಬಲಗಾಲು ಹಿಂದೆ ಊರಬೇಕು. ಎಡಗೈ ಮೇಲೆ, ಬರುವ ಕಾಕಿನ ಕಡೆ. ಎಸೆದಾಗ ಬಲಗಾಲು ತಾನಾಗಿ ಮುಂದೆ ಬರುತ್ತದೆ, ಅದೇ ಹೆಜ್ಜೆಯಲ್ಲಿ ಗುರುತಿಗೆ ವಾಪಸ್. ಎಡಗೈಯವರಿಗೆ ಎಲ್ಲ ಉಲ್ಟಾ. ಅವರನ್ನು ಸಾಲಿನ ತುದಿಗೆ ಹಾಕದಿದ್ದರೆ ಪಕ್ಕದವರಿಗೆ ಡಿಕ್ಕಿ ಗ್ಯಾರಂಟಿ.

ಎಂಟು ಬ್ಯಾಟಿನಲ್ಲಿ ನಾಲ್ಕು ಕೋರ್ಟಿಗೆ, ನೆಟ್ಟಿನ ಆಚೆ ಈಚೆ ಇಬ್ಬಿಬ್ಬರು. ಅಕ್ಕಪಕ್ಕ ಮೂವರನ್ನು ನಿಲ್ಲಿಸಿದರೆ ಒಬ್ಬರ ಬ್ಯಾಟ್ ಇನ್ನೊಬ್ಬರ ಕಿವಿಗೆ. ಉಳಿದ ನಾಲ್ಕು ಬ್ಯಾಟ್ ಹಗ್ಗದ ಹತ್ತಿರ. ಎರಡು ಕಂಬಗಳ ನಡುವೆ ಹಗ್ಗ ಬಿಗಿದು, ಅದರಿಂದ ದಾರದಲ್ಲಿ ಕಾಕ್ ಇಳಿಬಿಟ್ಟಿರುತ್ತೇನೆ. ಮಗು ಬ್ಯಾಟನ್ನು ಮೇಲೆತ್ತಿ ನಿಂತರೆ ತಂತಿಯ ನಡುಭಾಗ ಮುಟ್ಟುವಷ್ಟು ಎತ್ತರ, ತಲೆಗಿಂತ ತುಸು ಮುಂದೆ.

ಹಿಡಿತ ಕೆಡುವುದು ಇಲ್ಲೇ ಗೊತ್ತಾಗುತ್ತದೆ. ಬ್ಯಾಟ್ ಕೈಗೆ ಬಂದ ಕೂಡಲೇ ಮಕ್ಕಳು ಅದರ ಮುಖವನ್ನು ನೇರ ನೆಟ್ಟಿನ ಕಡೆ ಮಾಡಿ ಹಿಡಿಯುತ್ತಾರೆ, ಪ್ಯಾನ್‌ಹ್ಯಾಂಡಲ್ ಗ್ರಿಪ್ ಅನ್ನುತ್ತೇವೆ. ಏಳನೇ ಕ್ಲಾಸಿನ ಒಬ್ಬ ಹುಡುಗಿಯ ಹೊಡೆತ ಎತ್ತರಕ್ಕೆ ಹೋಗಿ ಎದುರು ಅಂಕಣದ ನಡುವೆಯೇ ಬೀಳುತ್ತಿತ್ತು. ಎಸೆತ ಮಾತ್ರ ಚೆನ್ನಾಗಿತ್ತು. ಹಾಗಾದರೆ ತೊಂದರೆ ತೋಳಿನದಲ್ಲ, ಹಿಡಿತದ್ದು. ಎಡಗೈಯಲ್ಲಿ ಬ್ಯಾಟಿನ ಕತ್ತು ಹಿಡಿಸಿ, ಅದರ ಅಂಚು ನೆಲಕ್ಕೆ ಬರುವ ಹಾಗೆ ಮಾಡಿ, ಬಲ ಅಂಗೈಯನ್ನು ತಂತಿಯ ಮೇಲಿಟ್ಟು ಹಾಗೇ ಹಿಡಿಯವರೆಗೆ ಜಾರಿಸಲು ಹೇಳಿದೆ. ಹೆಬ್ಬೆರಳು ತೋರುಬೆರಳಿನ ನಡುವಿನ ಸಂದು ಈಗ ಅಂಚಿನ ಮೇಲೆ ಬಂತು.

ಸರಿಪಡಿಸಿದ ಮೇಲೆ ಆಟ ಇನ್ನೂ ಕೆಟ್ಟಿತು! ಕಾಕ್ ಅಂಚಿಗೆ ತಗುಲಿ ಪಕ್ಕಕ್ಕೆ ಹಾರತೊಡಗಿತು. “ಸರ್, ಮೊದಲಿನ ಹಾಗೇ ಹಿಡೀತೀನಿ” ಅಂದಳು. ಬಹಳ ಮಕ್ಕಳು ಹಳೇ ಹಿಡಿತಕ್ಕೆ ಮರಳುವುದು ಈ ಹಂತದಲ್ಲೇ. ಸರಿಯಾದ ಹಿಡಿತದಲ್ಲಿ ಬ್ಯಾಟ್ ಅಂಚು ಮುಂದಾಗಿಯೇ ಮೇಲೆ ಬರುತ್ತದೆ. ಮುಂಗೈ ಒಳಮುಖವಾಗಿ ತಿರುಗಿದಾಗ ಮಾತ್ರ ಮುಖ ಕಾಕಿಗೆ ಸಿಗುತ್ತದೆ, ವೇಗವೂ ಅಲ್ಲೇ ಹುಟ್ಟುತ್ತದೆ. ಪ್ಯಾನ್‌ಹ್ಯಾಂಡಲ್‌ನಲ್ಲಿ ತಿರುಗಿಸಲು ಏನೂ ಉಳಿದಿರುವುದಿಲ್ಲ, ಬರೀ ಮಣಿಕಟ್ಟಿನಿಂದ ತಳ್ಳಬೇಕು. ಅವಳನ್ನು ಹಗ್ಗದ ಹತ್ತಿರ ಕಳಿಸಿ, ಅಂಚನ್ನೇ ಮುಂದಿಟ್ಟು ನಿಧಾನಕ್ಕೆ ತಂದು ಕೊನೇ ಗೇಣಿನಲ್ಲಿ ತಿರುಗಿಸಲು ಹೇಳಿದೆ. ಬೆರಳು ಸಡಿಲ, ತಗಲುವ ಹೊತ್ತಿಗಷ್ಟೇ ಬಿಗಿ. ಅಂಚು ತಾಗಿದರೆ ಗೀರಿದ ಸದ್ದು, ಮುಖ ಸಿಕ್ಕರೆ ‘ಟಪ್’. ಹಿಂದಿನಿಂದ ಸದ್ದು ಕೇಳಿದರೇ ಸಾಕು.

ಸದ್ದು ಸರಿಯಾದ ಮೇಲೂ ಕೋರ್ಟಿನಲ್ಲಿ ಅವಳ ಕಾಕ್ ದೂರ ಹೋಗಲಿಲ್ಲ. ಹಗ್ಗದ ಕಾಕ್ ಕಾಯುತ್ತದೆ, ಬರುವ ಕಾಕ್ ಕಾಯುವುದಿಲ್ಲ. ಅದು ತಲೆಯ ಹಿಂದೆ ಹೋದಮೇಲೆ ಬೆನ್ನು ಬಾಗಿಸಿ ಹೊಡೆಯುತ್ತಿದ್ದಳು. ಮೊದಲ ಹೆಜ್ಜೆ ತಡ. ಪುನಃ ಚಾಕ್‌ಪೀಸಿನ ಗುರುತಿಗೆ ಕಳಿಸಿದೆ, ಈ ಸಲ ನಾನು ಕಾಕ್ ಮೇಲೆಸೆದ ಕ್ಷಣದಲ್ಲೇ ಪಕ್ಕಕ್ಕೆ ತಿರುಗಿರಬೇಕು ಅನ್ನುವ ಷರತ್ತಿನ ಮೇಲೆ. ಕೆಲವು ವಾರಗಳಲ್ಲಿ ಅವಳ ಕಾಕ್ ಡಬಲ್ಸ್ ಸರ್ವಿಸ್ ಗೆರೆಯ ಹತ್ತಿರ ಬೀಳತೊಡಗಿತು. ಅದು ಹಿಂದಿನ ಗೆರೆಗಿಂತ 76 ಸೆಂ.ಮೀ. ಒಳಗಿದೆ, ಆ ವಯಸ್ಸಿಗೆ ನನಗದು ಸಾಕು.

ಇನ್ನೂ ಎತ್ತರದ ಕ್ಲಿಯರ್ ನಮ್ಮ ಹಾಲ್‌ನಲ್ಲಿ ಕಲಿಸಲು ಆಗುವುದಿಲ್ಲ, ಕಾಕ್ ಫ್ಯಾನಿಗೆ ಬಡಿಯುತ್ತದೆ. ಇಲ್ಲಿ ಚಪ್ಪಟೆ ಕ್ಲಿಯರ್ ಮಾತ್ರ. ಎತ್ತರದ್ದಕ್ಕೆ, ಗಾಳಿ ಇಲ್ಲದ ಬೆಳಗ್ಗೆ ಹೊರಗೆ ಮೈದಾನಕ್ಕೆ ನೈಲಾನ್ ಕಾಕ್ ಹಿಡಿದು ಹೋಗುತ್ತೇವೆ.