ಬಿಲ್ ಯಾರ ಹೆಸರಿಗೆ ಮಾಡಲಿ?

ಸೋಮವಾರ ಒಂದು ಮೇಲ್ ಕಳಿಸಿದೆ. ಹೊಸ ಗಿರಾಕಿ ಬಂದಾಗೆಲ್ಲ ಕಳಿಸುವ ಅದೇ ಮೇಲ್, ಹೆಸರು ಮಾತ್ರ ಬದಲಾಯಿಸಿದ್ದು. ಶಿವಮೊಗ್ಗದ ಕಡೆಯವರು, ಚಟ್ನಿಪುಡಿ, ಸಾರಿನಪುಡಿ ಮಾಡಿ ಮಾರುತ್ತಾರೆ. ಐದು ಪ್ಯಾಕೆಟ್‌ಗೆ ಲೇಬಲ್ ಡಿಸೈನ್ ಬೇಕು ಅಂದರು. 45,000 ರೂಪಾಯಿಗೆ ಮಾತಾಯಿತು. ಮೇಲ್ ಹೀಗಿತ್ತು:

"ನಮಸ್ಕಾರ ಸರ್. ಕೆಲಸ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಬಿಲ್ ಮಾಡೋಕೆ ಸ್ವಲ್ಪ ವಿವರ ಬೇಕಿತ್ತು. ನಿಮ್ಮ ವ್ಯಾಪಾರದ ಲೀಗಲ್ ಹೆಸರು, ಅಂದ್ರೆ ಜಿಎಸ್‌ಟಿ ಸರ್ಟಿಫಿಕೇಟಿನಲ್ಲಿ ಇರೋ ಹೆಸರು. ಅದರಲ್ಲೇ ಇರೋ ವಿಳಾಸ, ಜಿಎಸ್‌ಟಿ ನಂಬರ್. ನೀವು ಟಿಡಿಎಸ್ ಹಿಡಿಯುತ್ತೀರಾ ಇಲ್ವಾ ಅಂತಲೂ ತಿಳಿಸಿ, ಹಿಡಿಯೋದಾದ್ರೆ ನನ್ನ ಪ್ಯಾನ್ ನಂಬರ್ ಕೆಳಗಿದೆ. ಸರ್ಟಿಫಿಕೇಟಿನ ಫೋಟೋ ಕಳಿಸಿದರೂ ಸಾಕು."

ಇದರಲ್ಲಿ ನೋವಾಗುವಂಥದ್ದು ಏನಿದೆ ಹೇಳಿ? ನನಗೂ ಏನೂ ಕಾಣಿಸಿರಲಿಲ್ಲ.

ಎರಡು ದಿನ ಉತ್ತರ ಇಲ್ಲ. ಬುಧವಾರ ಫೋನ್ ಬಂತು. ದನಿ ಕೇಳಿದರೆ ಮೂವತ್ತರ ಆಸುಪಾಸಿನ ಹುಡುಗ. "ಮೇಡಂ, ಹೆಸರು ಬೋರ್ಡ್ ಮೇಲೇ ಇದೆಯಲ್ಲ, ಅದಕ್ಕೇ ಬಿಲ್ ಹಾಕಿ" ಅಂದ. ಅದು ಅಂಗಡಿ ಹೆಸರು ಸರ್, ನನಗೆ ಬೇಕಿರೋದು ಲೀಗಲ್ ಹೆಸರು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಅದು ಅಪ್ಪನ ಹೆಸರಲ್ಲಿದೆ."

"ಪರವಾಗಿಲ್ಲ ಸರ್, ಅವರ ಹೆಸರಿಗೇ ಮಾಡ್ತೀನಿ."

"ಅಪ್ಪ ಇಲ್ಲ ಮೇಡಂ. ಹೋದ ಶ್ರಾವಣದಲ್ಲಿ ಹೋದ್ರು."

ಅದಕ್ಕೆ ನಾನು ಹೇಳಿದ್ದು ಏನು ಗೊತ್ತಾ? "ಓಕೆ ಸರ್." ಪಟ್ ಅಂತ ಬಾಯಿಂದ ಬಂತು. ಲೋಗೋ ಸ್ವಲ್ಪ ದೊಡ್ಡದು ಮಾಡಿ ಅಂದಾಗ ಹೇಳುವ ಅದೇ ಓಕೆ ಸರ್. ನಾಲ್ಕು ದಿನದಿಂದ ಪಾತ್ರೆ ತೊಳೆಯುವಾಗ, ಗಾಡಿ ಓಡಿಸುವಾಗ, ಎಲ್ಲಾ ಕಡೆ ಇದೇ ಕೇಳಿಸುತ್ತಿದೆ. ಹೋದ ಶ್ರಾವಣದಲ್ಲಿ ಹೋದ್ರು. ಓಕೆ ಸರ್.

ನಾನು ಹೆಸರಿಗಾಗಿ ಇಷ್ಟು ಗಂಟು ಬೀಳೋದಕ್ಕೂ ಒಂದು ಕಥೆ ಇದೆ. ಮೂರು ವರ್ಷದ ಹಿಂದೆ, ಜಿಎಸ್‌ಟಿ ರಿಜಿಸ್ಟ್ರೇಷನ್ ಮಾಡಿಸಿದ ಹೊಸದರಲ್ಲಿ, ಬೆಂಗಳೂರಿನ ಒಂದು ಕಂಪನಿಗೆ ಬ್ರ್ಯಾಂಡ್ ಹೆಸರಿಗೇ ಬಿಲ್ ಮಾಡಿದ್ದೆ. ಫೀಸು 40,000. ಇಬ್ಬರೂ ಕರ್ನಾಟಕದವರೇ ಅಂದುಕೊಂಡು ಸಿಜಿಎಸ್‌ಟಿ 3,600, ಎಸ್‌ಜಿಎಸ್‌ಟಿ 3,600 ಹಾಕಿ ಕಟ್ಟಿಯೂ ಬಿಟ್ಟಿದ್ದೆ. ಆಮೇಲೆ ಗೊತ್ತಾಯಿತು, ಕೆಲಸ ಕೊಟ್ಟ ಕಂಪನಿಯ ಹೆಸರೇ ಬೇರೆ, ರಿಜಿಸ್ಟ್ರೇಷನ್ ಮುಂಬೈಯದು, ನಂಬರ್ ಕರ್ನಾಟಕದ 29ರಿಂದ ಅಲ್ಲ, ಮಹಾರಾಷ್ಟ್ರದ 27ರಿಂದ ಶುರುವಾಗುತ್ತೆ. ಬೇರೆ ರಾಜ್ಯ ಅಂದರೆ ಐಜಿಎಸ್‌ಟಿ. ಹಾಗಾಗಿ 7,200 ಮತ್ತೆ ಹೊಸದಾಗಿ ಕಟ್ಟಿ, ಮೊದಲು ಕಟ್ಟಿದ 7,200ಕ್ಕೆ ರೀಫಂಡ್ ಅರ್ಜಿ ಹಾಕಬೇಕಾಯಿತು. ಅವರ ಅಕೌಂಟ್ಸ್‌ನವರು ಬಿಲ್ ವಾಪಸ್ ಕಳಿಸಿ, ಸರಿಯಾದ ಬಿಲ್ ಪಾಸಾಗೋ ಹೊತ್ತಿಗೆ ನಾಲ್ಕು ತಿಂಗಳು. ಅಲ್ಲಿಂದ ಈಚೆ ಈ ಮೇಲ್ ಕಳಿಸದೆ ನಾನು ಕೆಲಸ ಶುರು ಮಾಡಲ್ಲ, ನಂಬರ್ ಬಂದ ಕೂಡಲೇ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡುತ್ತೇನೆ. ಅದಕ್ಕೆ ಲಾಗಿನ್ ಕೂಡ ಬೇಡ, ಯಾರು ಬೇಕಾದರೂ ನೋಡಬಹುದು.

ಅವತ್ತೂ ನೋಡಿದೆ. ಹುಡುಗ ವಾಟ್ಸಾಪ್‌ನಲ್ಲಿ ಸರ್ಟಿಫಿಕೇಟಿನ ಫೋಟೋ ಕಳಿಸಿದ್ದ. ಫ್ರೇಮ್ ಹಾಕಿ ಗೋಡೆಗೆ ತೂಗು ಹಾಕಿದ್ದು, ಗಾಜಿನಲ್ಲಿ ಅವನ ಮೊಬೈಲಿನ ನೆರಳು. ಪೋರ್ಟಲ್‌ನಲ್ಲಿ Trade Name ಅನ್ನೋ ಕಡೆ ಅಂಗಡಿ ಹೆಸರು, Legal Name of Business ಅನ್ನೋ ಕಡೆ ಅಪ್ಪನ ಹೆಸರು, ಕೆಳಗೆ Proprietorship, ಸ್ಟೇಟಸ್ Active. ಸರ್ಕಾರದ ಲೆಕ್ಕದಲ್ಲಿ ಅವರು ಇನ್ನೂ ವ್ಯಾಪಾರ ಮಾಡುತ್ತಿದ್ದಾರೆ.

ಈ ಜಿಎಸ್‌ಟಿ ನಂಬರ್ ಇದೆಯಲ್ಲ, 15 ಅಕ್ಷರ, ಇದನ್ನು ಬಿಡಿಸಿ ನೋಡಿದರೆ ಮನುಷ್ಯನೇ ಒಳಗೆ ಕೂತಿರುತ್ತಾನೆ. ಮೊದಲ ಎರಡು ಅಂಕಿ ರಾಜ್ಯ. ಮುಂದಿನ ಹತ್ತು ಪೂರ್ತಿ ಪ್ಯಾನ್ ನಂಬರ್. ಪ್ಯಾನ್‌ನ ನಾಲ್ಕನೇ ಅಕ್ಷರ ಇದು ಯಾರು ಅಂತ ಹೇಳುತ್ತೆ, ಕಂಪನಿಯಾದರೆ C, ಪಾಲುದಾರಿಕೆಯಾದರೆ F, ಒಬ್ಬ ವ್ಯಕ್ತಿಯಾದರೆ P. ಇವರದ್ದು P. ಅಂದರೆ ಇದು ಅಂಗಡಿಯ ನಂಬರ್ ಅಲ್ಲ, ಅಪ್ಪನ ನಂಬರ್. ಅಂಗಡಿಯ ಬೀಗದ ಕೈ, ತಕ್ಕಡಿ, ಮಿಕ್ಸರ್ ಎಲ್ಲಾ ಮಗನಿಗೆ ಬರುತ್ತೆ. ಇದು ಮಾತ್ರ ಬರಲ್ಲ. ಹೆಸರು ತಿದ್ದುಪಡಿ ಮಾಡಿಸೋಕೂ ಆಗಲ್ಲ, ಯಾಕಂದ್ರೆ ಪ್ಯಾನ್ ಬದಲಾದರೆ ಹೊಸ ರಿಜಿಸ್ಟ್ರೇಷನ್ನೇ ಮಾಡಿಸಬೇಕು.

ಮತ್ತೆ ಫೋನ್ ಮಾಡಿದೆ. ಸಾರಿ ಹೇಳಬೇಕು ಅಂತಲೇ ಮಾಡಿದ್ದು, ಮಾತು ಸುಮ್ನೆ ಬಿಲ್ ಕಡೆಗೇ ಹೋಯಿತು. ಇಷ್ಟು ದಿನ ರಿಟರ್ನ್ ಹೇಗೆ ಹಾಕ್ತಿದೀರಿ ಅಂತ ಕೇಳಿದೆ, ರಿಟರ್ನ್ ಹಾಕೋಕೆ ಅಪ್ಪನ ಮೊಬೈಲಿಗೆ ಓಟಿಪಿ ಬರಬೇಕಲ್ಲ.

"ಅಪ್ಪನ ಸಿಮ್‌ಗೆ ರೀಚಾರ್ಜ್ ಮಾಡಿಸ್ತಿದೀನಿ ಮೇಡಂ. ಫೋನ್ ಅಮ್ಮನ ಹತ್ರ ಇರುತ್ತೆ. ಅಕೌಂಟೆಂಟು ಕೂತಾಗ ಅಮ್ಮನಿಗೆ ಫೋನ್ ಮಾಡ್ತೀನಿ, ಅಮ್ಮ ಓಟಿಪಿ ಓದಿ ಹೇಳ್ತಾರೆ."

11ನೇ ತಾರೀಕಿನೊಳಗೆ ಮಾರಾಟದ ವಿವರ, 20ರೊಳಗೆ ತೆರಿಗೆ ಕಟ್ಟೋ ರಿಟರ್ನ್. ತಿಂಗಳಿಗೆ ಎರಡು ಸಲ ಆ ಫೋನ್ ಟಿಂಗ್ ಅನ್ನುತ್ತೆ, ಆಯಮ್ಮ ಕನ್ನಡಕ ಹಾಕಿಕೊಂಡು ಗಂಡನಿಗೆ ಬಂದ ಆರು ಅಂಕಿಯನ್ನು ಒಂದೊಂದಾಗಿ ಓದುತ್ತಾರೆ. ನಾನು ನೋಡಿಲ್ಲ, ಆದರೂ ಕಣ್ಣ ಮುಂದೆ ಇದೆ.

ಆ ಅಕೌಂಟೆಂಟ್ ಮೇಲೆ ಮಾತ್ರ ನನಗೆ ಸಿಟ್ಟು ಬಂದಿದೆ, ಹೇಳಿಯೇ ಬಿಡುತ್ತೇನೆ. ಮನೆಯಲ್ಲಿ ಸಾವಾದವರಿಗೆ ಇದೆಲ್ಲ ತೋಚಲ್ಲ, ಸರಿ. ಆದರೆ ಪ್ರತಿ ತಿಂಗಳು ಫೀಸು ತಗೊಂಡು, ಸತ್ತವರ ಹೆಸರಲ್ಲಿ ಅವರೇ ಸಹಿ ಹಾಕಿದ ಹಾಗೆ ರಿಟರ್ನ್ ಹಾಕುತ್ತಾ, "ನಡೀತಿದೆಯಲ್ಲ, ನಡೀಲಿ ಬಿಡಿ" ಅಂದಿದ್ದಾನಂತೆ. ಮಗ ಅಂಗಡಿ ಮುಂದುವರಿಸಿದ ದಿನದಿಂದಲೇ ಅವನ ಹೆಸರಲ್ಲಿ ರಿಜಿಸ್ಟ್ರೇಷನ್ ಇರಬೇಕಿತ್ತು. ಅರ್ಜಿ ಹಾಕೋಕೆ ಇರೋದು 30 ದಿನ. ಈಗ ಎಂಟೊಂಬತ್ತು ತಿಂಗಳಾಯಿತು. ನಾಳೆ ಇಲಾಖೆಯಿಂದ ನೋಟಿಸ್ ಬಂದರೆ ಉತ್ತರ ಕೊಡಬೇಕಾದವನು ಈ ಹುಡುಗ, ಅಕೌಂಟೆಂಟ್ ಅಲ್ಲ.

ನನ್ನ ಆಡಿಟರ್‌ಗೆ ಕೇಳಿದೆ. ಅವರು ಮಾತು ಕಡಿಮೆ, ಆದರೆ ಇಂಥದ್ದಕ್ಕೆ ಬೇಸರ ಮಾಡಿಕೊಳ್ಳಲ್ಲ. ಮೊದಲು ಮಗ ತನ್ನ ಪ್ಯಾನ್‌ನಲ್ಲಿ ಹೊಸ ರಿಜಿಸ್ಟ್ರೇಷನ್ ಮಾಡಿಸಲಿ, ಕಾರಣ ಕೇಳುವ ಕಡೆ ಮಾಲೀಕರ ಮರಣ ಅನ್ನೋದನ್ನು ಆರಿಸಲಿ ಅಂದರು. ಆಮೇಲೆ ಅಪ್ಪನ ಖಾತೆಯಲ್ಲಿ ಉಳಿದಿರುವ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು, ಅಂದರೆ ಸಾಮಾನು ಕೊಂಡಾಗ ಕೊಟ್ಟ, ಮುಂದೆ ಕಟ್ಟೋ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ಜಿಎಸ್‌ಟಿಯನ್ನು, ITC-02 ಅನ್ನೋ ಫಾರ್ಮ್ ಮೂಲಕ ಮಗನ ಖಾತೆಗೆ ದಾಟಿಸಬೇಕು. ಅದಕ್ಕೆ ಸಿಎ ಸರ್ಟಿಫಿಕೇಟ್ ಬೇಕು. ಅಪ್ಪನ ನಂಬರ್ ರದ್ದು ಮಾಡೋಕೆ ಅರ್ಜಿ ಹಾಕೋದು ಕೊನೆಗೆ. "ಗಾಬರಿಯಲ್ಲಿ ಮೊದಲೇ ಕ್ಯಾನ್ಸಲ್ ಮಾಡಿಸಿಬಿಡ್ತಾರೆ ಜನ, ಆಮೇಲೆ ಕ್ರೆಡಿಟ್ ದಾಟಿಸೋಕೆ ಒದ್ದಾಡ್ತಾರೆ" ಅಂದರು. ಬಾಕಿಯೂ ಜೊತೆಗೆ ಬರುತ್ತೆ, ಅಪ್ಪನ ಕಾಲದ ತೆರಿಗೆ ಬಾಕಿ ಏನಾದರೂ ಇದ್ದರೆ ಅಂಗಡಿ ಮುಂದುವರಿಸಿದ ಮಗನೇ ಕಟ್ಟಬೇಕು.

ನನ್ನ ಬಿಲ್ ಲೆಕ್ಕ ಅದರ ಮುಂದೆ ಚಿಕ್ಕದು. 45,000ಕ್ಕೆ 18 ಪರ್ಸೆಂಟ್ ಅಂದರೆ 8,100. ಅಪ್ಪನ ನಂಬರ್ ಹಾಕಿದರೆ ಆ 8,100 ಹೋಗಿ ಅಪ್ಪನ ಖಾತೆಯಲ್ಲಿ ಕೂರುತ್ತೆ, ನಾನೂ ತಿಳಿದೂ ತಿಳಿದೂ ಇಲ್ಲದವರಿಗೆ ಬಿಲ್ ಮಾಡಿದ ಹಾಗಾಗುತ್ತೆ. ನಂಬರ್ ಇಲ್ಲದೆ ಮಗನ ಬರೀ ಹೆಸರಿಗೆ ಮಾಡಿದರೆ ಅವನಿಗೆ ಆ ಕ್ರೆಡಿಟ್ಟೇ ಸಿಗಲ್ಲ. ಅದಕ್ಕೆ ಅಡ್ವಾನ್ಸ್ ಬೇಡ ಅಂದೆ. ಸರ್ವೀಸ್‌ನಲ್ಲಿ ಅಡ್ವಾನ್ಸ್ ಕೈಗೆ ಬಂದ ಕೂಡಲೇ ತೆರಿಗೆ ಲೆಕ್ಕ ಶುರುವಾಗುತ್ತೆ. ಕೆಲಸ ಮುಗಿದ ಮೇಲೂ ಬಿಲ್ ಕೊಡೋಕೆ 30 ದಿನ ಇರುತ್ತೆ, ಅಷ್ಟರಲ್ಲಿ ಹೊಸ ನಂಬರ್ ಬರಲಿ. ಹತ್ತು ವರ್ಷದಲ್ಲಿ ಅಡ್ವಾನ್ಸ್ ಇಲ್ಲದೆ ಕೆಲಸ ಶುರು ಮಾಡಿದ್ದು ಇದೇ ಮೊದಲು. ನನ್ನ ಗಂಡನಿಗೆ ಇನ್ನೂ ಹೇಳಿಲ್ಲ, ಹೇಳಿದರೆ "ನಿಂದೇ ರೂಲ್ ಅಲ್ವಾ ಅದು" ಅಂತ ಶುರು ಮಾಡುತ್ತಾರೆ.

ಇಷ್ಟಾದ ಮೇಲೆ ಇನ್ನೊಂದು ಹೊಳೆಯಿತು, ನಿಜಕ್ಕೂ ಎದೆ ಧಸಕ್ ಅಂದಿದ್ದು ಆಗ. ಲೇಬಲ್ ಹಿಂಬದಿಯಲ್ಲಿ ತಯಾರಕರ ಹೆಸರು, ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇರಲೇಬೇಕು. ಆ ಲೈಸೆನ್ಸ್ ಯಾರ ಹೆಸರಲ್ಲಿದೆ? ಕೇಳಿದೆ. ಅದೂ ಅಪ್ಪನದೇ. ಹುಡುಗ 10,000 ಪೌಚ್ ಪ್ರಿಂಟ್ ಮಾಡಿಸೋಕೆ ಮಾತಾಡಿಟ್ಟಿದ್ದ. ಅದನ್ನು ನಿಲ್ಲಿಸಿ, ಲೈಸೆನ್ಸ್ ನಿಮ್ಮ ಹೆಸರಿಗೆ ವರ್ಗ ಮಾಡಿಸಿಕೊಳ್ಳಿ, ಆಮೇಲೆ ಪ್ರಿಂಟ್ ಅಂದೆ. ಈ ಸಲ ಓಕೆ ಅಂದವನು ಅವನು.

ಹಾಗಾಗಿ ಈಗ ನನ್ನ ಸ್ಕ್ರೀನ್ ಮೇಲೆ ಐದು ಲೇಬಲ್ ಇವೆ. ಮುಂದಿನ ಭಾಗ ಹೆಚ್ಚುಕಡಿಮೆ ಮುಗಿದಿದೆ, ಹಿಂಬದಿಯಲ್ಲಿ ತಯಾರಕರ ಹೆಸರಿನ ಜಾಗದಲ್ಲಿ ಸಾಲು ಸಾಲು ಸೊನ್ನೆ. ಬಿಲ್ ಫೈಲ್‌ನಲ್ಲೂ ಹೆಸರಿನ ಜಾಗ ಖಾಲಿ.

ನಿನ್ನೆ ರಾತ್ರಿ ಹತ್ತಕ್ಕೆ ಅವನ ಮೆಸೇಜ್. "ಮೇಡಂ, ಎಲ್ಲಾ ನನ್ನ ಹೆಸರಿಗೆ ಆದ್ಮೇಲೆ ಅಪ್ಪನ ಹೆಸರು ಎಲ್ಲೂ ಇರಲ್ಲ ಅಲ್ವಾ. ಮುಂದೆ ಎಲ್ಲಾದ್ರೂ ಸಣ್ಣದಾಗಿ ಹಾಕೋಕಾಗುತ್ತಾ?" ಅಂಗಡಿ ಹೆಸರಿನ ಕೆಳಗೆ "ಸ್ಥಾಪಕರು" ಅಂತ ಬರೆದು ಮುಂದೆ ಹೆಸರು ಇಟ್ಟು ನೋಡಿದೆ. 6 ಪಾಯಿಂಟ್‌ನಲ್ಲಿ ಒತ್ತಕ್ಷರ ಇಂಕಿನಲ್ಲಿ ಮುಚ್ಚಿಹೋಗುತ್ತೆ, ಅದರಲ್ಲೂ ಪೌಚ್ ಪ್ರಿಂಟಿಂಗ್‌ನಲ್ಲಿ. 8ಕ್ಕೆ ಏರಿಸಿದೆ. ಕೆಂಪು ಮೆಣಸಿನಕಾಯಿ ಚಿತ್ರ ಒಂದಿಷ್ಟು ಪಕ್ಕಕ್ಕೆ ಸರಿಸಬೇಕಾಯಿತು. ಬೆಳಿಗ್ಗೆ ಕಳಿಸಿದ್ದೇನೆ. ಇನ್ನೂ ನೋಡಿಲ್ಲ, ಒಂದೇ ಟಿಕ್ ತೋರಿಸುತ್ತಿದೆ.