ಲೋಡ್ ಟೆಸ್ಟರ್ ಕಾಣದ ಒಳಮೈ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸ್ಪ್ರಿಂಗ್ ಘಟಕದಲ್ಲಿ ನಾನು ವಿನ್ಯಾಸ ಮತ್ತು ತಪಾಸಣೆ ನೋಡಿಕೊಳ್ಳುತ್ತೇನೆ. ನಮ್ಮಲ್ಲಿಗೆ ವಾಪಸು ಬರುವ ಮುರಿದ ಸ್ಪ್ರಿಂಗ್‌ಗಳ ಜೊತೆ ಹೆಚ್ಚಾಗಿ ಒಂದೇ ದೂರು ಬರುತ್ತದೆ: "ತಂತಿ ಕಳಪೆ." ಈ ಸಲ ಬಂದದ್ದರಲ್ಲಿ ತಂತಿಯ ತಪ್ಪೇನೂ ಇರಲಿಲ್ಲ.

ಗ್ರಾಹಕರ ನಕ್ಷೆಯಲ್ಲಿ ತಂತಿಯ ದಪ್ಪ 4 ಮಿ.ಮೀ., ಸುತ್ತಿನ ಸರಾಸರಿ ವ್ಯಾಸ 16 ಮಿ.ಮೀ., ಕೆಲಸ ಮಾಡುವ ಸುತ್ತುಗಳು 10. ಯಂತ್ರ ಅದನ್ನು ಸೊನ್ನೆಯಿಂದ 600 ನ್ಯೂಟನ್‌ವರೆಗೆ ದಿನವಿಡೀ ಒತ್ತಿ ಬಿಡುತ್ತದೆ. ಅವರು ಬಳಸಿದ್ದು ಕಾಲೇಜಿನಲ್ಲಿ ಎಲ್ಲರೂ ಕಲಿಯುವ ಎರಡು ಸೂತ್ರಗಳನ್ನು. k ಸ್ಟಿಫ್ನೆಸ್, ಅಂದರೆ ಒಂದು ಮಿ.ಮೀ. ಕುಗ್ಗಿಸಲು ಬೇಕಾದ ಬಲ; τ ಶಿಯರ್ ಸ್ಟ್ರೆಸ್, ಅಂದರೆ ತಿರುಚಿನಿಂದ ತಂತಿಯೊಳಗೆ ಏಳುವ ಒತ್ತಡ. d ತಂತಿಯ ದಪ್ಪ, D ಸುತ್ತಿನ ಸರಾಸರಿ ವ್ಯಾಸ, n ಕೆಲಸ ಮಾಡುವ ಸುತ್ತುಗಳು, F ಹೊರೆ, G ತಿರುಚಿಗೆ ಲೋಹ ಒಡ್ಡುವ ಬಿಗಿತ:

```
k = G d^4 / (8 D^3 n)
τ = 8 F D / (π d^3)
```

ಉಕ್ಕಿಗೆ G ಅನ್ನು 80,000 ಮೆಗಾಪ್ಯಾಸ್ಕಲ್ ಎಂದು ಹಿಡಿದರೆ ಸ್ಟಿಫ್ನೆಸ್ ಮಿ.ಮೀ.ಗೆ 62.5 ನ್ಯೂಟನ್. ಅಂದರೆ 600 ನ್ಯೂಟನ್‌ಗೆ 9.6 ಮಿ.ಮೀ. ಕುಗ್ಗಬೇಕು. ಲೋಡ್ ಟೆಸ್ಟರ್ ಮೇಲೆ ಇಟ್ಟಾಗ ಹೆಚ್ಚುಕಡಿಮೆ ಅಷ್ಟೇ ಕುಗ್ಗಿತು. ಶಿಯರ್ ಸ್ಟ್ರೆಸ್ ಲೆಕ್ಕದಲ್ಲಿ 382 ಮೆಗಾಪ್ಯಾಸ್ಕಲ್. ಈ ತಂತಿಗೆ ಅದು ದೊಡ್ಡದಲ್ಲ. ಎಲ್ಲವೂ ಸರಿ, ಸ್ಪ್ರಿಂಗ್ ಮಾತ್ರ ಮುರಿಯುತ್ತಿದೆ.

ಮುರಿದ ತುಂಡನ್ನು ಭೂತಗನ್ನಡಿಯಲ್ಲಿ ನೋಡಿದರೆ ಉತ್ತರ ಅಲ್ಲೇ ಇತ್ತು. ಬಿರುಕು ಶುರುವಾದದ್ದು ಸುತ್ತಿನ ಒಳಮೈಯಲ್ಲಿ. ಅಲ್ಲಿ ಒಂದು ಚಿಕ್ಕ ಜಾಗ ನುಣುಪಾಗಿ, ನಿಧಾನವಾಗಿ ಹರಡಿದ ಗುರುತು ಹೊತ್ತಿತ್ತು. ಉಳಿದ ಭಾಗ ಒರಟಾಗಿ ಒಮ್ಮೆಲೇ ಹರಿದಿತ್ತು. ಮುರಿತ ತಂತಿಯ ಉದ್ದಕ್ಕೆ ಸುಮಾರು 45 ಡಿಗ್ರಿ ಓರೆಯಾಗಿತ್ತು. ತಿರುಚುವ ಬಲ ಮತ್ತೆ ಮತ್ತೆ ಬಿದ್ದು ದಣಿದ ತಂತಿ ಹೀಗೆಯೇ ಮುರಿಯುತ್ತದೆ.

ಮೇಲಿನ ಎರಡನೆಯ ಸೂತ್ರ ತಂತಿಯನ್ನು ನೇರ ಸರಳಿನಂತೆ ಕಾಣುತ್ತದೆ. ಆದರೆ ತಂತಿ ಬಾಗಿದೆ. ಓಟದ ಮೈದಾನದ ಒಳಪಥದಂತೆ, ಸುತ್ತಿನ ಒಳಮೈಯ ಉದ್ದ ಹೊರಮೈಗಿಂತ ಕಡಿಮೆ. ತಿರುಚು ಮಾತ್ರ ಎರಡಕ್ಕೂ ಒಂದೇ. ಅದೇ ತಿರುಚು ಕಡಿಮೆ ಉದ್ದದಲ್ಲಿ ಅಡಕವಾಗಬೇಕಾದಾಗ ಒಳಮೈಯ ಸ್ಟ್ರೆಸ್ ಏರುತ್ತದೆ. ಇದರ ಮೇಲೆ, ಬಲ ತಂತಿಯನ್ನು ನೇರವಾಗಿ ಕತ್ತರಿಸಲು ನೋಡುವ ಪಾಲೂ ಒಳಗಡೆಯೇ ಬಂದು ಸೇರುತ್ತದೆ. ವೆಸ್ಟಿಂಗ್‌ಹೌಸ್‌ನ ಎಂಜಿನಿಯರ್ ಎ. ಎಂ. ವಾಲ್ ಈ ಎರಡನ್ನೂ ಸೇರಿಸಿ ಒಂದು ಗುಣಕ ಕೊಟ್ಟರು. C ಎಂದರೆ D/d:

```
K = (4C - 1)/(4C - 4) + 0.615/C
```

ನಮ್ಮ ಸ್ಪ್ರಿಂಗ್‌ನಲ್ಲಿ C ಕೇವಲ 4. ಆಗ K = 1.25 + 0.154, ಅಂದರೆ 1.40. 382 ಇದ್ದದ್ದು 536 ಆಯಿತು. ಇದೇ ತಂತಿಯನ್ನು 32 ಮಿ.ಮೀ. ವ್ಯಾಸಕ್ಕೆ ಸುತ್ತಿ 300 ನ್ಯೂಟನ್ ಹೊರಿಸಿದರೂ ಸಾದಾ ಸೂತ್ರ 382 ಎಂದೇ ಹೇಳುತ್ತದೆ. ಆದರೆ ಅಲ್ಲಿ C 8, K 1.18, ನಿಜವಾದ ಸ್ಟ್ರೆಸ್ 452. ಸಾದಾ ಸೂತ್ರಕ್ಕೆ ಈ ಎರಡು ಸ್ಪ್ರಿಂಗ್‌ಗಳ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ.

ಹಾಗಾದರೆ ಲೋಡ್ ಟೆಸ್ಟರ್ ಏಕೆ ಹಿಡಿಯಲಿಲ್ಲ? ಕುಗ್ಗುವಿಕೆ ಇಡೀ ತಂತಿಯ ತಿರುಚಿನ ಮೊತ್ತ. ಒಳಮೈಯ ಒಂದು ಪಟ್ಟಿಯಲ್ಲಿ ಸ್ಟ್ರೆಸ್ ಏರಿದರೂ ಆ ಮೊತ್ತ ಅಷ್ಟೇನೂ ಬದಲಾಗುವುದಿಲ್ಲ. ಆದ್ದರಿಂದ k ಸೂತ್ರಕ್ಕೆ ವಾಲ್ ಗುಣಕ ಹಾಕಬಾರದು. ಹೊಸಬರು ಎರಡಕ್ಕೂ ಹಾಕಿಕೊಂಡು ಬರುವುದನ್ನು ನೋಡಿದ್ದೇನೆ. ಟೆಸ್ಟರ್ ವರದಿ ಸ್ಟಿಫ್ನೆಸ್‌ಗೆ ಸಾಕ್ಷಿ, ಬಾಳಿಕೆಗೆ ಅಲ್ಲ.

ಸೊನ್ನೆಯಿಂದ ಪೂರ್ತಿಗೆ ಏರಿಳಿಯುವ ಸ್ಟ್ರೆಸ್‌ನ ಅರ್ಧವೇ ಅದರ ಏರಿಳಿತದ ಅಳತೆ: ಗ್ರಾಹಕರ ಲೆಕ್ಕದಲ್ಲಿ 191, ನಿಜದಲ್ಲಿ 268. ಸಣ್ಣ ಗುಂಡುಗಳನ್ನು ಬಡಿದು ಮೇಲ್ಮೈ ಗಟ್ಟಿ ಮಾಡುವ ಶಾಟ್ ಪೀನಿಂಗ್ ಮಾಡದ ಈ ತಂತಿ ದೀರ್ಘಕಾಲ ತಾಳುವ ಮಿತಿ ನಮ್ಮ ಲೆಕ್ಕದಲ್ಲಿ ಸುಮಾರು 270. ಸುಮಾರು 1.4 ಪಟ್ಟು ಭದ್ರ ಎಂದು ಅವರು ನಂಬಿದ್ದ ಸ್ಪ್ರಿಂಗ್ ಅಂಚಿನಲ್ಲಿ ನಿಂತಿತ್ತು. ಸುತ್ತುವ ಮ್ಯಾಂಡ್ರೆಲ್‌ನಿಂದ ಒಳಮೈ ಮೇಲೆ ಒಂದು ಗೀರು ಬಿದ್ದಿದ್ದರೆ ಅಷ್ಟೇ ಸಾಕು.

ಹೊರೆ ಒಮ್ಮೆ ಕೂತು ಹಾಗೆಯೇ ಇರುವ ಕಡೆ ಇಷ್ಟು ಕಟ್ಟುನಿಟ್ಟು ಬೇಡ. ಅಲ್ಲಿ ಒಳಮೈ ಸ್ವಲ್ಪ ಮಣಿದು ಹೊರೆಯನ್ನು ಪಕ್ಕಕ್ಕೆ ಹಂಚುತ್ತದೆ. ಬಾಗಿನ ಪಾಲನ್ನು ಬಿಟ್ಟು 1 + 0.5/C ಎಂಬ ಚಿಕ್ಕ ಗುಣಕವನ್ನಷ್ಟೇ ಹಾಕುವವರು ಹಲವರು. ದಿನವಿಡೀ ಬಡಿಯುವ ಸ್ಪ್ರಿಂಗ್‌ಗೆ ಈ ರಿಯಾಯಿತಿ ಇಲ್ಲ.

"ತಂತಿ ದಪ್ಪ ಮಾಡಿಕೊಡಿ ಸಾರ್, ಮುಗಿಯಿತಲ್ಲ" ಎಂದರು ಗ್ರಾಹಕರು. ಸ್ಪ್ರಿಂಗ್ ಕೂರುವ ರಂಧ್ರ 21 ಮಿ.ಮೀ. ಅಷ್ಟೇ. ಹೊರ ವ್ಯಾಸ ಬದಲಿಸದೆ ಅದರೊಳಗೆ 4.5 ಮಿ.ಮೀ. ತಂತಿ ಹಾಕಿದರೆ C 3.4ಕ್ಕೆ ಇಳಿಯುತ್ತದೆ. ಹಳೆಯ ಸ್ಟಿಫ್ನೆಸ್ ಉಳಿಸಲು ಹದಿನೇಳಕ್ಕೂ ಮೀರಿ ಸುತ್ತು ಬೇಕು. ತುದಿಯ ಎರಡು ಸುತ್ತೂ ಸೇರಿ, ಪೂರ್ತಿ ಒತ್ತಿದರೂ ಅದು 88 ಮಿ.ಮೀ. ಉದ್ದ ನಿಲ್ಲುತ್ತದೆ. ಅಷ್ಟು ಜಾಗವೇ ಇರಲಿಲ್ಲ.

ರಂಧ್ರವನ್ನು 25 ಮಿ.ಮೀ.ಗೆ ಹಿಗ್ಗಿಸಲು ಕೇಳಿದೆವು. ಗೋಡೆ ದಪ್ಪವಿತ್ತು, ಒಪ್ಪಿದರು. ಈಗ ಅದೇ 4.5 ತಂತಿ, ಸರಾಸರಿ ವ್ಯಾಸ 19.5, ಸುತ್ತು 8.85. ಸ್ಟಿಫ್ನೆಸ್ ಹಳೆಯದೇ. ಪೂರ್ತಿ ಒತ್ತಿದ ಉದ್ದ 48 ಇದ್ದದ್ದು 49ರ ಹತ್ತಿರ. C ಬರೀ 4.33 ಆದರೂ, ವಾಲ್ ಗುಣಕ ಸೇರಿಸಿದ ಸ್ಟ್ರೆಸ್ 536ರಿಂದ 447ಕ್ಕೆ ಇಳಿಯಿತು. ಏರಿಳಿತ ಸುಮಾರು 223. ಒಳಮೈಯ ಗೀರುಗಳಿಗಾಗಿ ಶಾಟ್ ಪೀನಿಂಗ್ ಅನ್ನೂ ಸೇರಿಸಿದೆವು. ನಕ್ಷೆಯಲ್ಲಿ ಈಗ K ಬೆಲೆಗೆ ಒಂದು ಸಾಲು ಇದೆ. ಅದು ಖಾಲಿ ಇದ್ದರೆ ನಮ್ಮ ಸಹಿ ಬೀಳುವುದಿಲ್ಲ.